ನೀಲಿ ಟ್ಯೂಬಿನಲ್ಲಿ ಮೇಲೆ ಬಂದ ಪೊರೆ

ಟ್ಯೂಬ್ ಅಲ್ಲಾಡಿಸಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬಿಎಸ್ಸಿ ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಹೊಸದಾಗಿ ಬಂದವರ ಕೈಗೆ ಟ್ಯೂಬ್ ಸಿಕ್ಕರೆ ಸಾಕು, ಕೆಮ್ಮಿನ ಔಷಧದ ಬಾಟಲಿಯ ಹಾಗೆ ಕುಲುಕಿ ನೋಡುವ ಚಟ. ಆಗ ನಾನು ಕಿರುಚಿದ್ದು ಕೆಳಗಿನ ಕ್ಯಾಂಟೀನಿಗೂ ಕೇಳಿಸುತ್ತದೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಕೇಳಿಸಲಿ ಬಿಡಿ.

ಕಿರುಚುವುದಕ್ಕೆ ಕಾರಣವಿದೆ. ಯಾವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಎಷ್ಟು ಬೇಕು ಎಂದು ನೋಡಲು ನಾವು ಬಳಸುವುದು ಥಯೋಗ್ಲೈಕೊಲೇಟ್ ಎಂಬ ಸಾರು. ಹೆಸರು ಬಾಯಿಗೆ ತುಂಬಾ ದೊಡ್ಡದು, ಲ್ಯಾಬಿನಲ್ಲಿ ಎಲ್ಲರೂ ಥಯೋ ಅಂತಲೇ ಕರೆಯುವುದು. ಅದರಲ್ಲಿ ಆಮ್ಲಜನಕವನ್ನು ಹಿಡಿದು ಮುಗಿಸಿಬಿಡುವ ರಾಸಾಯನಿಕ ಇರುತ್ತದೆ. ಜೊತೆಗೆ ಚಿಟಿಕೆಯಷ್ಟು ಅಗರ್ ಎಂಬ ಅಂಟುಪುಡಿ, ಸಾರು ಒಳಗೊಳಗೇ ಓಡಾಡದೆ ನಿಂತಲ್ಲೇ ನಿಲ್ಲಲಿ ಎಂದು. ಹಾಗಾಗಿ ಗಾಳಿ ತಾಗುವ ಮೇಲ್ಭಾಗದಲ್ಲಿ ಮಾತ್ರ ಆಮ್ಲಜನಕ, ಕೆಳಗಿಳಿದಂತೆ ಕಡಿಮೆಯಾಗುತ್ತಾ ತಳದಲ್ಲಿ ಏನೂ ಇಲ್ಲ. ಆಮ್ಲಜನಕ ಇರುವ ಕಡೆ ಗುಲಾಬಿಗೆ ತಿರುಗುವ ಬಣ್ಣವೊಂದನ್ನೂ ಬೆರೆಸಿರುತ್ತಾರೆ. ಒಳ್ಳೆಯ ಟ್ಯೂಬಿನ ನೆತ್ತಿಯಲ್ಲಿ ತೆಳ್ಳಗಿನ ಗುಲಾಬಿ ಪಟ್ಟಿ, ಉಳಿದದ್ದೆಲ್ಲ ತಿಳಿ ಹಳದಿ. ಗುಲಾಬಿ ಮೇಲಿನ ಮೂರನೇ ಒಂದು ಭಾಗ ದಾಟಿದರೆ ಕುದಿಯುವ ನೀರಲ್ಲಿಟ್ಟು ಗಾಳಿ ಓಡಿಸಬೇಕು, ಅದೂ ಒಂದೇ ಸಲ. ಕುಲುಕಿದರೆ ಮೇಲಿನ ಗಾಳಿ ಕೆಳಗೆ, ಕೆಳಗಿನದು ಮೇಲೆ, ಆಮೇಲೆ ಆ ಟ್ಯೂಬು ಯಾವ ಕಥೆಯನ್ನೂ ಹೇಳುವುದಿಲ್ಲ.

ಕುಲುಕದಿದ್ದರೆ ಹೇಳುತ್ತದೆ. ಆಮ್ಲಜನಕ ಇಲ್ಲದೆ ಬದುಕಲಾರದ ಏರೋಬುಗಳು ಮೇಲ್ಮೈಯಲ್ಲೇ ಕೆನೆಗಟ್ಟುತ್ತವೆ. ಆಮ್ಲಜನಕವೇ ವಿಷವಾಗಿರುವ ಅನೇರೋಬುಗಳು ತಳ ಹಿಡಿಯುತ್ತವೆ. ಫ್ಯಾಕಲ್ಟೇಟಿವ್ ಎನ್ನುವವು ಆಮ್ಲಜನಕ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಟ್ಯೂಬಿನ ತುಂಬಾ ಬೆಳೆಯುತ್ತವೆ, ಆದರೆ ಆಮ್ಲಜನಕ ಸಿಕ್ಕಲ್ಲಿ ಶಕ್ತಿ ಹೆಚ್ಚು ಹುಟ್ಟುವುದರಿಂದ ಮೇಲುಗಡೆ ಸ್ವಲ್ಪ ದಟ್ಟವಾಗಿ. ಇನ್ನು ಮೈಕ್ರೋಏರೋಫೈಲ್. ಅದಕ್ಕೆ ಆಮ್ಲಜನಕ ಬೇಕು, ಆದರೆ ಜಾಸ್ತಿ ಆಗಬಾರದು. ಇದನ್ನು ವಿವರಿಸುವಾಗ ನಾನು ಪ್ರತಿವರ್ಷ ನಮ್ಮತ್ತೆಯನ್ನು ಎಳೆದು ತರುತ್ತೇನೆ. ಬಸವನಗುಡಿಯ ನಮ್ಮ ಮನೆಯಲ್ಲಿ ಅವರಿಗೆ ಫ್ಯಾನ್ ಇಲ್ಲದಿದ್ದರೆ ಸೆಕೆ, ಮೂರರಲ್ಲಿಟ್ಟರೆ ಶೀತ. ಒಂದರಲ್ಲೇ ಇಡಬೇಕು, ಮಂಚವನ್ನೂ ಅದರ ಕೆಳಗಿನಿಂದ ಎರಡಡಿ ಆಚೆ ಎಳೆಯಬೇಕು. ಮೈಕ್ರೋಏರೋಫೈಲೂ ಹಾಗೇ, ಮೇಲ್ಮೈಯಿಂದ ಒಂದಿಷ್ಟು ಕೆಳಗೆ ತೆಳ್ಳಗೆ ಒಂದು ಪೊರೆ ಕಟ್ಟಿಕೊಂಡು ಕೂರುತ್ತದೆ. ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ನಾಲ್ಕೂ ಟ್ಯೂಬುಗಳನ್ನು ಸ್ಪಾಟರ್ ಆಗಿ ಇಡುವುದು ನಮ್ಮಲ್ಲಿ ರೂಢಿ. ಅಂದರೆ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತೇವೆ, ವಿದ್ಯಾರ್ಥಿಗಳು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ ಬರೆಯಬೇಕು, ಬೆಲ್ ಹೊಡೆದರೆ ಮುಂದಿನ ಮೇಜಿಗೆ. ಮೊದಲ ಮೂರಕ್ಕೆ ಥಯೋ ಸಾಕು. ತೊಂದರೆ ನಾಲ್ಕನೆಯದು. ಹೆಸರುವಾಸಿ ಮೈಕ್ರೋಏರೋಫೈಲುಗಳು ರೋಗ ತರುವಂಥವು, ಸಾಕುವುದಕ್ಕೆ ಬೇರೆ ಗಾಳಿ ತುಂಬಿದ ಜಾಡಿಗಳು ಬೇಕು. ಅದೆಲ್ಲ ನಮ್ಮ ಕಾಲೇಜಿಗೆ ಎಲ್ಲಿಂದ ಬರಬೇಕು? ಅದಕ್ಕೇ ನಾನು ಮಾವಳ್ಳಿ ಕಡೆಯ ಬೀಜ-ಗೊಬ್ಬರದ ಅಂಗಡಿಯೊಂದರಿಂದ ಅಜೋಸ್ಪಿರಿಲಮ್ ಪ್ಯಾಕೆಟ್ ತಂದಿದ್ದೆ. ಬೇರುಗಳ ಹತ್ತಿರ ಇದ್ದುಕೊಂಡು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸಾಧು ಬ್ಯಾಕ್ಟೀರಿಯಾ ಅದು. ಸಾರಜನಕ ಹಾಕದೆ ಮಾಡಿದ ಮೆತ್ತನೆಯ ಅಗರಿನಲ್ಲಿ ಬೆಳೆಸಿದರೆ ಮೇಲ್ಮೈಯಿಂದ ಅರ್ಧ ಸೆಂಟಿಮೀಟರ್ ಕೆಳಗೆ ಬಿಳಿ ಪೊರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಆ ಅಗರಿಗೆ ಬೆರೆಸುವ ಬಣ್ಣ ಮೊದಲು ಹಸಿರು, ಬೆಳೆದ ಮೇಲೆ ನೀಲಿ. ಈ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಆ ವರ್ಷ ಪರೀಕ್ಷೆ ಇದ್ದದ್ದು ಸೋಮವಾರ. ಶನಿವಾರ ಬೆಳಿಗ್ಗೆಯೇ ನಾಲ್ಕೂ ಟ್ಯೂಬುಗಳಿಗೆ ಬ್ಯಾಕ್ಟೀರಿಯಾ ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟು ಬಂದೆ. ಭಾನುವಾರ ಸಂಜೆ ಸೋಮವಾರ ಬಂದ್ ಅಂತ ಸುದ್ದಿ ಬಂತು. ಪರೀಕ್ಷೆ ಬುಧವಾರಕ್ಕೆ ಹೋಯಿತು. ಹೊಸದಾಗಿ ಟ್ಯೂಬ್ ಹಾಕಬೇಕೇ ಎಂದು ಒಂದು ಕ್ಷಣ ಯೋಚಿಸಿದೆ. ಎರಡು ದಿನದಲ್ಲಿ ಏನು ಮುಳುಗಿಹೋಗುತ್ತದೆ, ಇನ್ನಷ್ಟು ಚೆನ್ನಾಗಿ ಬೆಳೆದಿರುತ್ತದೆ ಎಂದುಕೊಂಡು ಸುಮ್ಮನಾದೆ.

ಬುಧವಾರ ಸಂಪಿಗೆ ರಸ್ತೆಯ ಮೆಟ್ರೋದಿಂದ ಇಳಿದು ಓಡೋಡಿ ಬಂದರೂ ತಡವಾಗಿತ್ತು. ನಮ್ಮ ಅಟೆಂಡರ್ ಅಕ್ಕ ಟ್ಯೂಬುಗಳನ್ನು ಮೇಜಿನ ಮೇಲೆ ಜೋಡಿಸಿ ಮುಗಿಸಿದ್ದಳು. ನನಗಿಂತ ಹಳಬಳು ಅವಳು, ಲ್ಯಾಬಿನ ಪ್ರತಿ ಕೊಳವೆಯ ಜಾತಕ ಗೊತ್ತು. ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರು ಆಗಲೇ ಬಂದು ಕೂತಿದ್ದರು. ಚಾಮರಾಜಪೇಟೆಯ ಕಡೆಯ ಹಿರಿಯ ಮೇಷ್ಟ್ರು, ನಿಧಾನದ ಮನುಷ್ಯ, ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ‘ಸ್ಪಾಟರುಗಳನ್ನು ಇಂದು ಪರಿಶೀಲಿಸಲಾಗಿದೆ’ ಎಂಬ ಸಾಲಿನ ಪಕ್ಕ ನನ್ನ ಸಹಿ ಬೇಕಿತ್ತು. ಬ್ಯಾಗು ಇನ್ನೂ ಹೆಗಲ ಮೇಲಿದ್ದಾಗಲೇ ಹಾಕಿಬಿಟ್ಟೆ. ಹಿಂದಿನ ವರ್ಷಗಳಲ್ಲೂ ಹಾಗೇ ಹಾಕಿದ್ದೆ.

ಆ ಬ್ಯಾಚಿನಲ್ಲಿ ಇಪ್ಪತ್ತು ಮಂದಿ. ಅವರಲ್ಲಿ ಒಬ್ಬಳು ಎರಡನೇ ಸಲ ಬರೆಯುತ್ತಿದ್ದಳು. ಹಿಂದಿನ ವರ್ಷ ಟೈಫಾಯಿಡ್ ಬಂದು ಅರ್ಧಕ್ಕೇ ಎದ್ದು ಹೋಗಿದ್ದಳು. ಮತ್ತಿಕೆರೆಯಲ್ಲಿ ಪಿಜಿಯಲ್ಲಿದ್ದಳು, ಪೀಣ್ಯದ ಒಂದು ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಸಿಕ್ಕಿತ್ತು, ಈ ಪ್ರಾಕ್ಟಿಕಲ್ ಒಂದು ಪಾಸಾದರೆ ಸೇರಿಕೊಳ್ಳಲು ಹೇಳಿದ್ದರು. ಇಲ್ಲದಿದ್ದರೆ ಮತ್ತೆ ಒಂದು ವರ್ಷ, ಆ ಕೆಲಸವೂ ಕೈತಪ್ಪಿದ ಹಾಗೆಯೇ. ಇದೆಲ್ಲ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾತು ಕಡಿಮೆಯ ಹುಡುಗಿ. ಏನು ಕೇಳಿದರೂ ಎರಡು ಸಲ ಯೋಚಿಸಿ ಉತ್ತರ ಹೇಳುತ್ತಿದ್ದಳು, ಅದು ನನ್ನ ತಾಳ್ಮೆಗೆ ಒಗ್ಗುತ್ತಿರಲಿಲ್ಲ.

ಸ್ಪಾಟರ್ ಮುಗಿದು ವೈವಾ, ಅಂದರೆ ಬಾಯಿಪರೀಕ್ಷೆ, ಶುರುವಾಯಿತು. ಅವಳ ಸರದಿ ಬಂದಾಗ ನಾಲ್ಕನೇ ಟ್ಯೂಬಿನಲ್ಲಿ ಬೆಳವಣಿಗೆ ಎಲ್ಲಿದೆ ಎಂದು ಕೇಳಿದೆ. ಮೇಲ್ಮೈಯಲ್ಲಿ, ಗಾಳಿಗೆ ತಾಗಿಕೊಂಡೇ, ಅಂದಳು. ಹಾಗಾದರೆ ಏನು ಅದು ಎಂದೆ. ಏರೋಬ್ ಅಂದಳು. ಅಷ್ಟಕ್ಕೇ ನನ್ನ ರಕ್ತ ಕುದಿಯಿತು. ಇಡೀ ವರ್ಷ ಅತ್ತೆಯನ್ನೂ ಫ್ಯಾನನ್ನೂ ಹೇಳಿದ್ದೇ ಬಂತು! ಮೇಷ್ಟ್ರ ಎದುರಿಗೇ ಚೆನ್ನಾಗಿ ಬೈದೆ. ಅವಳು ತಲೆ ತಗ್ಗಿಸಲಿಲ್ಲ, ಅಳಲಿಲ್ಲ. “ಮೇಡಂ, ಒಂದ್ ಸಲ ಟ್ಯೂಬ್ ನೋಡ್ತೀರಾ?” ಅಂದಳು.

“ಇಪ್ಪತ್ ವರ್ಷದಿಂದ ಅದನ್ನೇ ನೋಡ್ತಿದೀನಮ್ಮ. ನೀನು ಹೋಗಿ ಪುಸ್ತಕ ನೋಡು” ಅಂದೆ. ಅವಳು ನಮಸ್ಕಾರ ಮಾಡಿ ಹೊರಗೆ ಹೋದಳು.

ಮಧ್ಯಾಹ್ನ ಊಟ ಮುಗಿಸಿ ಉತ್ತರಪತ್ರಿಕೆ ತಿದ್ದಲು ಕೂತೆವು. ಹತ್ತೊಂಬತ್ತು ಮಂದಿ ನಾಲ್ಕನೇ ಸ್ಪಾಟರಿಗೆ ಮೈಕ್ರೋಏರೋಫೈಲ್ ಎಂದು ಬರೆದು, ಮೇಲ್ಮೈಯ ಕೆಳಗೆ ಪೊರೆ ಇರುವ ಚಿತ್ರ ಬಿಡಿಸಿದ್ದರು. ಒಬ್ಬ ಮಹಾರಾಯ ‘ಐದು ಮಿಲಿಮೀಟರ್’ ಎಂದು ಬಾಣದ ಗುರುತನ್ನೂ ಹಾಕಿದ್ದ. ಆ ಹುಡುಗಿಯ ಹಾಳೆಯಲ್ಲಿ ಮಾತ್ರ ಮೈಕ್ರೋಏರೋಫೈಲ್ ಎಂದು ಮೊದಲು ಬರೆದು, ಅದಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಏರೋಬ್ ಎಂದು ಬರೆದಿತ್ತು. ಪೊರೆಯನ್ನು ಮೇಲ್ತುದಿಯಲ್ಲೇ ಬಿಡಿಸಿದ್ದಳು. ನೋಡಿ, ಗೊತ್ತೇ ಇಲ್ಲ, ಸುಮ್ನೆ ಊಹೆ ಮಾಡಿದಾಳೆ ಎಂದು ಮೇಷ್ಟ್ರಿಗೆ ತೋರಿಸಿದೆ. ಅವರು ತಲೆಯಾಡಿಸಿದರು. ಆ ಸ್ಪಾಟರಿಗೆ ಸೊನ್ನೆ. ಎಲ್ಲ ಕೂಡಿ ನೋಡಿದರೆ ಪಾಸಾಗಲು ಮೂರು ಅಂಕ ಕಡಿಮೆ. ಆ ಸ್ಪಾಟರಿಗೆ ಇದ್ದದ್ದೂ ಮೂರೇ.

ಐದು ಗಂಟೆಯೊಳಗೆ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್ಲಿಗೆ ಹಾಕಬೇಕು. ಒಮ್ಮೆ ಹಾಕಿ ಲಾಕ್ ಒತ್ತಿದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕ ಓದುತ್ತಿದ್ದರು, ನಾನು ಒತ್ತುತ್ತಿದ್ದೆ. ಬಾಗಿಲಿನಿಂದ ಕಾರಿಡಾರಿನ ಬೆಂಚು ಕಾಣುತ್ತಿತ್ತು. ಸಹಿಯಾದ ರೆಕಾರ್ಡ್ ಪುಸ್ತಕ ವಾಪಸ್ ಪಡೆಯಲು ಅವಳು ಅಲ್ಲಿ ಕೂತಿದ್ದಳು. ನೋಡ್ತೀರಾ ಅಂದಿದ್ದು ನನ್ನ ತಲೆಯೊಳಗೆ ಚುಚ್ಚುತ್ತಲೇ ಇತ್ತು. ನಿಜ ಹೇಳುತ್ತೇನೆ, ಕನಿಕರ ಏನೂ ಅಲ್ಲ. ಆ ಟ್ಯೂಬು ತಂದು ಅವಳ ಮೂಗಿನ ಮುಂದೆ ಹಿಡಿದು, ಇದೇನು ಇದು ಎಂದು ಕೇಳಿದರೆ ಮಾತ್ರ ನನಗೆ ಸಮಾಧಾನವಾಗುತ್ತದೆ ಅನ್ನಿಸಿತು. ಒಂದು ನಿಮಿಷ ಸರ್ ಎಂದು ಎದ್ದೆ.

ಟ್ಯೂಬುಗಳು ಮೇಜಿನ ಮೇಲಿರಲಿಲ್ಲ. ಪರೀಕ್ಷೆ ಮುಗಿದ ತಕ್ಷಣ ಅವನ್ನೆಲ್ಲ ಆಟೋಕ್ಲೇವಿಗೆ ಹಾಕಿ ಉಗಿಯಲ್ಲಿ ಬೇಯಿಸಿ ಕೊಂದು, ಆಮೇಲೇ ತೊಳೆಯುವುದು. ಅಕ್ಕ ಕೆಳಗಿನ ತೊಳೆಯುವ ಕೋಣೆಯಲ್ಲಿ ಮುಚ್ಚಳ ಹಾಕಿ ತಿರುಪುಗಳನ್ನು ಬಿಗಿಯುತ್ತಿದ್ದಳು. ನಿಲ್ಲಿಸಕ್ಕ ಎಂದು ಮೆಟ್ಟಿಲ ಮೇಲಿಂದಲೇ ಕೂಗಿದೆ. ಅವಳು ಗೊಣಗಿಕೊಂಡು ಮತ್ತೆ ಬಿಚ್ಚಿದಳು. ತಂತಿಯ ಬುಟ್ಟಿಯಲ್ಲಿ ನಾಲ್ಕೂ ನೆಟ್ಟಗೆ ನಿಂತಿದ್ದವು. ನೀಲಿಯದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ.

ಪೊರೆ ಮೇಲಿತ್ತು. ಮೇಲ್ಮೈಗೆ ಹತ್ತಿಕೊಂಡೇ ಇತ್ತು, ಬಿಳಿಯಾಗಿ, ದಪ್ಪಗೆ. ಅರ್ಧ ಸೆಂಟಿಮೀಟರ್ ಕೆಳಗೆ ಏನೂ ಇರಲಿಲ್ಲ, ಬರೀ ನೀಲಿ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಟ್ಯೂಬನ್ನು ನಿಧಾನವಾಗಿ ತಿರುಗಿಸಿ ಎಲ್ಲ ಕಡೆಯಿಂದಲೂ ನೋಡಿದೆ. ಹತ್ತೊಂಬತ್ತು ಮಂದಿ ಬಿಡಿಸಿದ ಪೊರೆ ಆ ಟ್ಯೂಬಿನಲ್ಲಿ ಇರಲೇ ಇಲ್ಲ.

“ಬೆಳಿಗ್ಗೆ ಜೋಡಿಸ್ಬೇಕಾದ್ರೂ ಹಿಂಗೇ ಇತ್ತು ಮೇಡಂ. ಕೆನೆ ಮೇಲೆ ಬಂದ್ಬಿಟ್ಟಿತ್ತು” ಅಂದಳು ಅಕ್ಕ. ಯಾಕೆ ಹೇಳಲಿಲ್ಲ ಎಂದು ರೇಗಿದೆ. ನೀವು ಸಹಿ ಹಾಕಿದ್ರಲ್ಲ, ನೋಡಿರ್ತೀರಿ ಅಂದ್ಕೊಂಡೆ ಎಂದಳು.

ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದೆ. ಒಂದು ಸ್ವಲ್ಪ ಅಲ್ಲಾಡಿದರೂ ಸಾಕ್ಷಿ ಹೋದ ಹಾಗೆ. ಹತ್ತುತ್ತಾ ಹತ್ತುತ್ತಾ ತಲೆ ಬೇರೆ ಕೆಲಸ ಶುರು ಮಾಡಿತ್ತು. ಯಾಕೆ ಮೇಲೆ ಬಂತು ಇದು? ಇಷ್ಟು ವರ್ಷ ಈ ಟ್ಯೂಬನ್ನು ನಾನು ನೋಡಿದ್ದು ಎರಡನೇ ದಿನ. ನಾಲ್ಕನೇ ದಿನ ಒಮ್ಮೆಯೂ ನೋಡಿರಲಿಲ್ಲ, ಅಷ್ಟರಲ್ಲಿ ಅದು ಆಟೋಕ್ಲೇವಿನಲ್ಲಿ ಬೆಂದಿರುತ್ತಿತ್ತು. ಪೊರೆ ಕೂರುವುದು ತನಗೆ ಬೇಕಾದಷ್ಟೇ ಆಮ್ಲಜನಕ ಸಿಗುವ ಮಟ್ಟದಲ್ಲಿ. ದಿನ ಕಳೆದಂತೆ ಜೀವಗಳು ಹೆಚ್ಚುತ್ತವೆ, ಎಲ್ಲವೂ ಉಸಿರಾಡುತ್ತವೆ, ಮೇಲಿಂದ ಇಳಿಯುವ ಆಮ್ಲಜನಕವನ್ನು ಅಲ್ಲಲ್ಲೇ ಮುಗಿಸುತ್ತವೆ. ಆಗ ಅದೇ ಮಟ್ಟದಲ್ಲಿ ಇವಕ್ಕೆ ಸಾಲದಾಗುತ್ತದೆ, ಸ್ವಲ್ಪ ಮೇಲಕ್ಕೆ ಈಜಬೇಕಾಗುತ್ತದೆ. ಈಜುತ್ತಾ ಈಜುತ್ತಾ ನೆತ್ತಿಗೇ ಬಂದಿವೆ. ಅಲ್ಲಿ ಗುಂಪು ಎಷ್ಟು ದಟ್ಟವೆಂದರೆ ಗಾಳಿ ಪಕ್ಕದಲ್ಲೇ ಇದ್ದರೂ ಪೊರೆಯ ಒಳಗೆ ಆಮ್ಲಜನಕ ಕಡಿಮೆಯೇ. ಎಷ್ಟು ಸರಳ! ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದು ಮೆಟ್ಟಿಲು ಹತ್ತುವಾಗ ಹೊಳೆಯಿತಲ್ಲ ಎಂದು ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮೇಷ್ಟ್ರು ಟ್ಯೂಬನ್ನು ನೋಡಿದರು. ಹುಡುಗಿಯ ಹಾಳೆಯನ್ನು ನೋಡಿದರು. ಆದರೆ ಅವರು ಸುಲಭಕ್ಕೆ ಬಗ್ಗುವವರಲ್ಲ. ಎರಡು ಮಾತು ಕೇಳಿದರು, ಎರಡೂ ಸರಿಯಾದ ಮಾತೇ. ಮೊದಲನೆಯದು, ಇದು ನಿಮ್ಮ ಬ್ಯಾಕ್ಟೀರಿಯಾವೇ ಮೇಲೆ ಬಂದದ್ದು ಎಂದು ಹೇಗೆ ನಂಬುವುದು, ಗಾಳಿಯಿಂದ ಬಿದ್ದ ಇನ್ಯಾವುದೋ ಏರೋಬ್ ಬೆಳೆದಿರಬಹುದಲ್ಲ? ಎರಡನೆಯದು, ನಿಮ್ಮದೇ ಎಂದಾದರೆ ಅವಳ ಉತ್ತರ ತಪ್ಪೇ ತಾನೇ?

“ತಪ್ಪೇ ಸರ್. ಆದ್ರೆ ಪ್ರಶ್ನೆ ಏನು? ಟ್ಯೂಬ್ ಗಮನಿಸಿ, ಬೆಳವಣಿಗೆಯ ಜಾಗದಿಂದ ಆಮ್ಲಜನಕದ ಅಗತ್ಯ ತಿಳಿಸಿ. ಈ ಟ್ಯೂಬನ್ನ ಗಮನಿಸಿದವ್ರು ಯಾರು ಹೇಳಿ” ಅಂದೆ.

ಅವರು ಮತ್ತೆ ಅವಳ ಹಾಳೆಯ ಮೇಲೆ ಬಗ್ಗಿದರು. ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಮೊದಲನೇ ಪ್ರಶ್ನೆಗೆ ಉತ್ತರ ಬೇಕಾದರೆ ಒಂದು ದಾರಿ ಇತ್ತು, ಎಂದೋ ಓದಿದ್ದೆ, ಮಾಡಿ ನೋಡಿರಲಿಲ್ಲ. ಪೊರೆಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು, ಬೇಕೆಂದೇ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುವ ಹಾಗೆ ತೆಳು ಗಾಜು ಮುಚ್ಚಿದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಬೆಳಕು ಕುಗ್ಗಿಸಿದೆ. ಮೊದಲು ಎಲ್ಲ ಕಡೆ ಗಲಿಬಿಲಿ. ಸ್ವಲ್ಪ ಬಾಗಿದ ಗಿಡ್ಡ ದಪ್ಪ ಕಡ್ಡಿಗಳು ಮನಸ್ಸಿಗೆ ಬಂದ ಕಡೆ ಓಡುತ್ತಿದ್ದವು. ಒಂದು ನಿಮಿಷ ಕಾದೆ. ಎರಡು ನಿಮಿಷ. ಆಮೇಲೆ ಗುಳ್ಳೆಯ ಸುತ್ತ ಏನೋ ಕಟ್ಟತೊಡಗಿತು.

ಗುಳ್ಳೆಯ ಅಂಚಿನಲ್ಲಿ ಖಾಲಿ ಜಾಗ. ಅಲ್ಲಿಂದ ಒಂದಿಷ್ಟು ದೂರದಲ್ಲಿ, ಗುಳ್ಳೆಯನ್ನೇ ಸುತ್ತುವರಿದು, ಸಾವಿರಾರು ಜೀವಗಳ ಒಂದು ಬಳೆ. ಗಾಳಿಯ ಕಡೆ ಹೋದವು ತಿರುಗಿ ಬರುತ್ತಿದ್ದವು, ಆಚೆ ಹೋದವೂ ತಿರುಗಿ ಬರುತ್ತಿದ್ದವು. ನಮ್ಮತ್ತೆ ಮಂಚ ಎಳೆಸಿದಷ್ಟೇ ಲೆಕ್ಕಾಚಾರ. ಏರೋಬಾಗಿದ್ದರೆ ಗುಳ್ಳೆಯ ಅಂಚಿಗೇ ಹೋಗಿ ಅಂಟಿಕೊಳ್ಳುತ್ತಿತ್ತು. ಇಷ್ಟು ವರ್ಷ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೇಳಿದ್ದನ್ನು ಅವು ನನ್ನ ಕಣ್ಣೆದುರಿಗೆ ತಾವೇ ಮಾಡುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಸರ್, ಬನ್ನಿ ಎಂದೆ. ಮೇಷ್ಟ್ರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾಲ್ಕೂವರೆ ಆಯಿತು ಸರ್ ಎಂದರೆ, ಇರ್ರೀ ಅಂದರು. ಕೊನೆಗೆ ಎದ್ದು ಕನ್ನಡಕ ಸರಿಮಾಡಿಕೊಂಡು, ಇದೇ ಬ್ಯಾಕ್ಟೀರಿಯಾಕ್ಕೆ ಸಾರಜನಕದ ಗೊಬ್ಬರ ಹಾಕಿಕೊಟ್ಟರೆ ಮಾಮೂಲಿ ಗಾಳಿಯಲ್ಲೂ ಚೆನ್ನಾಗಿಯೇ ಬೆಳೆಯುತ್ತದೆ, ಗೊತ್ತಾ ಮೇಡಂ ಎಂದರು. ತಾನೇ ಸಾರಜನಕ ಹಿಡಿಯಬೇಕಾದಾಗ ಮಾತ್ರ, ಆ ಕೆಲಸದ ಕಿಣ್ವವನ್ನು ಆಮ್ಲಜನಕ ಕೆಡಿಸುತ್ತದೆಂದು ಹೀಗೆ ದೂರ ನಿಲ್ಲುತ್ತದೆ. ನನಗದು ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಿರಲಿಲ್ಲ. ಅಂದರೆ ಈ ಟ್ಯೂಬಿಗೆ ಹೆಸರನ್ನಷ್ಟೇ ಬರೆದರೆ ಸಾಲದು, ಯಾವ ಊಟ, ಎಷ್ಟನೇ ದಿನ ಎಂದೂ ಹೇಳಬೇಕು, ನಿಮ್ಮ ಉತ್ತರವೂ ಪೂರ್ತಿ ಸರಿಯಲ್ಲ ಎಂದು ಅವರು ನಕ್ಕರು. ಬೆಳಿಗ್ಗೆಯಿಂದ ಅವರು ನಕ್ಕಿದ್ದು ಅದೇ ಮೊದಲು.

ನಗು ಮುಗಿದ ಮೇಲೆ ನಿಯಮ ಬಂತು. ಸ್ಪಾಟರಿನಲ್ಲೇ ದೋಷವಿದ್ದರೆ ಅದನ್ನು ರದ್ದು ಮಾಡಿ ಎಲ್ಲರಿಗೂ ಆ ಅಂಕ ಕೊಡಬಹುದು. ಆದರೆ ದೋಷ ಏನು, ಯಾರದು ಎಂದು ಬರೆದು, ಇಬ್ಬರೂ ಪರೀಕ್ಷಕರು ಸಹಿ ಮಾಡಿ ಪ್ರಿನ್ಸಿಪಾಲರ ಮೂಲಕ ಕಳಿಸಬೇಕು. ಬಂದ್‌ನಿಂದಾಗಿ ಹೀಗಾಯಿತು ಎಂದು ಬರೆಯೋಣವೇ ಎಂದು ಅವರೇ ಕೇಳಿದರು, ನನ್ನನ್ನು ಉಳಿಸಲೆಂದೇ. ಆಸೆಯಾಯಿತು. ಬಂದ್ ಮಾಡಿದವರು ಬಂದು ಅಲ್ಲವೆನ್ನುತ್ತಾರೆಯೇ? ಆದರೆ ಟ್ಯೂಬನ್ನು ಅಂದು ಬೆಳಿಗ್ಗೆ ಒಂದು ಕ್ಷಣ ಬಗ್ಗಿ ನೋಡಿದ್ದರೆ ಸಾಕಿತ್ತು, ಬಂದ್ ನನ್ನ ಕಣ್ಣನ್ನೇನೂ ಮುಚ್ಚಿರಲಿಲ್ಲ. ‘ನಾನು ಸ್ಪಾಟರನ್ನು ನೋಡದೆಯೇ ಪರಿಶೀಲಿಸಿದ್ದೇನೆಂದು ಸಹಿ ಮಾಡಿದೆ’ ಎಂದು ಬರೆದೆ. ಆ ಒಂದು ಸಾಲು ಬರೆಯಲು ನನಗೆ ಇಡೀ ಉತ್ತರಪತ್ರಿಕೆ ಬರೆದಷ್ಟು ಹೊತ್ತು ಹಿಡಿಯಿತು. ಪ್ರಿನ್ಸಿಪಾಲರು ಓದಿ ನನ್ನ ಮುಖ ನೋಡಿದರು, ಮುದ್ರೆ ಒತ್ತಿದರು. ಐದಕ್ಕೆ ಎಂಟು ನಿಮಿಷ ಇರುವಾಗ ಅಂಕ ಹಾಕಿ ಲಾಕ್ ಮಾಡಿದೆ. ಹತ್ತೊಂಬತ್ತು ಮಂದಿಗೆ ಇದ್ದ ಅಂಕವೇ ಉಳಿಯಿತು. ಅವಳು ಪಾಸಾದಳು.

ಆ ರಜೆಯಲ್ಲಿ ನಾನು ಮತ್ತೆ ಆರು ಟ್ಯೂಬ್ ಹಾಕಿ ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆದೆ. ಎಲ್ಲದರಲ್ಲೂ ಪೊರೆ ದಿನದಿನಕ್ಕೆ ಮೇಲೆ ಹತ್ತಿತು, ಒಂದೊಂದು ಒಂದೊಂದು ವೇಗದಲ್ಲಿ. ಈಗ ನಮ್ಮಲ್ಲಿ ಒಂದೇ ದಿನ ನೋಡಿ ಬರೆಯುವ ರೂಢಿ ಇಲ್ಲ. ಟ್ಯೂಬುಗಳ ಸಾಲೂ ಪ್ರತಿಸಲ ಬೇರೆ, ಬಣ್ಣ ನೋಡಿ ಗುರುತು ಹಿಡಿಯದಿರಲೆಂದು ನಾಲ್ಕನೆಯದಕ್ಕೆ ಆ ನೀಲಿಯನ್ನೂ ಹಾಕುವುದಿಲ್ಲ. ಹಾಗೆ ಗುರುತು ಹಿಡಿಯುತ್ತಾರೆಂದು ನನಗೆ ತಿಳಿದದ್ದೂ ಆ ಪರೀಕ್ಷೆಯ ದಿನವೇ, ಹೇಳುತ್ತೇನೆ.

ಅವತ್ತು ಅಂಕ ಲಾಕ್ ಆದ ಮೇಲೆ ಬೆಂಚಿನ ಮೇಲಿದ್ದ ಅವಳನ್ನು ಒಳಗೆ ಕರೆದೆ. ಅಂಕ ಹೇಳುವ ಹಾಗಿಲ್ಲ, ಹೇಳಲಿಲ್ಲ. ರೆಕಾರ್ಡ್ ಕೈಗೆ ಕೊಟ್ಟು, ಮೊದಲು ಇದನ್ನು ನೋಡು ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಬಳೆ ಇನ್ನೂ ಇತ್ತು, ಗುಳ್ಳೆ ಸ್ವಲ್ಪ ಚಿಕ್ಕದಾಗಿತ್ತು. ಅವಳು ಮೇಷ್ಟ್ರಿಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ, “ಹಾಗಾದ್ರೆ ಇದು ಮೈಕ್ರೋಏರೋಫೈಲೇ. ನಾನು ಬರ್ದಿದ್ದು ತಪ್ಪು” ಅಂದಳು.

“ತಪ್ಪೇ. ಆದ್ರೆ ಟ್ಯೂಬ್ ನೋಡಿ ಬರ್ದಿದ್ದು ನೀನೊಬ್ಳೇ. ನಾನೂ ನೋಡಿರ್ಲಿಲ್ಲ” ಅಂದೆ. ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದೂ ಹೇಳಿದೆ. ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ಬಾಗಿಲಲ್ಲಿ ನಿಂತಿದ್ದ ಅಕ್ಕ ಕಣ್ಣರಳಿಸಿದಳು.

ಹುಡುಗಿ ಎದ್ದು ಹೊರಟಾಗ ನನಗೆ ತಡೆಯಲಾಗಲಿಲ್ಲ. ಅಷ್ಟೊಂದು ಗೊತ್ತಿಲ್ಲದವಳು ಮೊದಲು ಸರಿಯಾದ ಉತ್ತರ ಹೇಗೆ ಬರೆದೆ, ಬರೆದ ಮೇಲೆ ಯಾಕೆ ಹೊಡೆದುಹಾಕಿದೆ ಎಂದು ಕೇಳಿದೆ. ಅವಳು ಎಂದಿನಂತೆ ಎರಡು ಸಲ ಯೋಚಿಸಿದಳು.

“ನಿಮ್ ಎಕ್ಸಾಮಲ್ಲಿ ನೀಲಿ ಟ್ಯೂಬ್ ಅಂದ್ರೆ ಮೈಕ್ರೋನೇ ಅಂತ ಸೀನಿಯರ್ಸ್ ಎಲ್ಲಾರ್ಗೂ ಹೇಳಿದಾರೆ ಮೇಡಂ. ನಂಗೂ ಗೊತ್ತಿತ್ತು. ದೂರದಿಂದ ಬಣ್ಣ ನೋಡಿ ಅದನ್ನೇ ಬರ್ದೆ. ಆಮೇಲೆ ಬೆಲ್ ಹೊಡಿಯೋಕೆ ಇನ್ನೂ ಟೈಮಿತ್ತು” ಅಂದಳು. “ಬಗ್ಗಿ ನೋಡ್ದೆ.”